ಪಕ್ಕದ ಫೋಟೋದಲ್ಲಿ ಕಾಣದ ಅಳತೆ

ವಾರಕ್ಕೆ ನಾಲ್ಕಾದರೂ ಇಂಥ ಮೆಸೇಜು ಬರುತ್ತದೆ. ಸೋಫಾ ಮೇಲೆ ಸುರುಳಿ ಸುತ್ತಿ ಮಲಗಿರುವ ನಾಯಿಯ ಫೋಟೋ. ಅದರ ಕೆಳಗೆ ಒಂದೇ ಸಾಲು: "ಅಣ್ಣಾ, ಇದಕ್ಕೆ ಬಾಡಿ ಬೆಲ್ಟ್ ಯಾವ ಸೈಜ್ ಆಗುತ್ತೆ?"

ನಾನು ಮೈಸೂರಿನಲ್ಲಿ ನೈಲಾನ್ ಪಟ್ಟಿಯಿಂದ ನಾಯಿಗಳಿಗೆ ಕಾಲರ್, ಬಾಡಿ ಬೆಲ್ಟ್ ಹೊಲಿದು ಕೊಡುತ್ತೇನೆ. ಬಾಡಿ ಬೆಲ್ಟ್ ಅಂದರೆ ಹಾರ್ನೆಸ್. ನಮ್ಮಪ್ಪ ಟಾಂಗಾ ಕುದುರೆಗಳಿಗೆ ಚರ್ಮದ ಪಟ್ಟಿ ಹೊಲಿಯುತ್ತಿದ್ದರು. ಅವರಿಗೆ ಈ ತಲೆನೋವು ಇರಲಿಲ್ಲ, ಕುದುರೆಯೇ ಅಂಗಡಿ ಮುಂದೆ ಬಂದು ನಿಲ್ಲುತ್ತಿತ್ತು. ನನಗೆ ಬರುವುದು ಫೋಟೋ ಮಾತ್ರ. ಮಂಡ್ಯ, ಮದ್ದೂರು, ನಂಜನಗೂಡು, ಎಲ್ಲ ಕಡೆಯಿಂದಲೂ. ಹಾಗಾಗಿ ಫೋಟೋ ನೋಡಿ ಅಳತೆ ಅಂದಾಜು ಮಾಡುವುದನ್ನು ತಪ್ಪು ಮಾಡಿ ಮಾಡಿಯೇ ಕಲಿತೆ.

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ನಾಯಿ ಎದೆಗೆ ಒಂದು ದಾರ ಸುತ್ತಿಸಿಕೊಳ್ಳುತ್ತದೆ ಅಂದರೆ ಫೋಟೋ ಬೇಡವೇ ಬೇಡ. ದಾರ ಸುತ್ತಿ, ಆ ದಾರವನ್ನು ಸ್ಕೇಲಿನ ಮೇಲೆ ಇಟ್ಟು ಓದಿ, ಮುಗಿಯಿತು. ಫೋಟೋ ಬೇಕಾಗುವುದು ದಾರ ಹತ್ತಿರ ತಂದರೆ ಗುರ್ರ್ ಅನ್ನುವ ನಾಯಿಗೆ, ನಿನ್ನೆ ಮೊನ್ನೆ ಬೀದಿಯಿಂದ ಮನೆಗೆ ಬಂದ ನಾಯಿಗೆ, ಇಲ್ಲವೇ ಬೇರೆ ಊರಲ್ಲಿರುವ ನಾಯಿಗೆ.

ಇನ್ನೊಂದು ವಿಷಯವನ್ನೂ ಇಲ್ಲೇ ಬಿಡಿಸಿಕೊಳ್ಳೋಣ. ತೂಕ ಒಂದು, ಸೈಜ್ ಇನ್ನೊಂದು. ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. "15 ಕೆಜಿ ನಾಯಿಗೆ ಎಂ ಸೈಜ್" ಎಂದು ಪ್ಯಾಕೆಟ್ ಮೇಲೆ ಬರೆದಿರುವುದೂ ಉಂಟು. ನಿಜಕ್ಕೂ ತೂಕ ಹೇಳುವುದು ಪಟ್ಟಿ ಎಷ್ಟು ಅಗಲ ಇರಬೇಕು, ಬಕಲ್ ಮತ್ತು ರಿಂಗು ಎಷ್ಟು ಗಟ್ಟಿ ಇರಬೇಕು ಎಂಬುದನ್ನು. ಪಟ್ಟಿ ಎಷ್ಟು ಉದ್ದ ಇರಬೇಕು ಎಂದು ಹೇಳುವುದು ಸುತ್ತಳತೆ. 15 ಕೆಜಿಯ ಉದ್ದ ಕಾಲಿನ ಬೀದಿ ನಾಯಿಯ ಎದೆಸುತ್ತು 55 ಸೆಂಟಿಮೀಟರ್ ಆಸುಪಾಸು ಇರಬಹುದು. ಅದೇ 15 ಕೆಜಿಯ ಮೋಟು ಡುಮ್ಮ ನಾಯಿಯದು 60 ದಾಟಬಹುದು. ಇಬ್ಬರಿಗೂ ಮುಕ್ಕಾಲು ಇಂಚಿನ ಪಟ್ಟಿಯೇ ಸಾಕು. ಆದರೆ ಒಬ್ಬನ ಬೆಲ್ಟು ಇನ್ನೊಬ್ಬನಿಗೆ ಕೂರುವುದಿಲ್ಲ.

ಪಟ್ಟಿಯ ಅಗಲಕ್ಕೆ ನಾನು ಇಟ್ಟುಕೊಂಡಿರುವ ಲೆಕ್ಕ ಸರಳ. 8 ಕೆಜಿ ಒಳಗಿನ ನಾಯಿಗೆ ಅರ್ಧ ಇಂಚು. ಅಲ್ಲಿಂದ 20 ಕೆಜಿವರೆಗೆ ಮುಕ್ಕಾಲು ಇಂಚು, 35ರವರೆಗೆ ಒಂದು ಇಂಚು, ಅದರ ಮೇಲೆ ಒಂದೂವರೆ. ನೋಡಿ, ಮೆಟ್ಟಿಲುಗಳು ಎಷ್ಟು ದೂರ ದೂರ ಇವೆ. ನಾಯಿ 13 ಕೆಜಿಯೋ 16 ಕೆಜಿಯೋ ಎಂದು ಗೊತ್ತಾಗದಿದ್ದರೂ ಕೆಲಸ ನಿಲ್ಲುವುದಿಲ್ಲ. ಯಾವ ಮೆಟ್ಟಿಲ ಮೇಲೆ ನಿಂತಿದೆ ಎಂದು ತಿಳಿದರೆ ಸಾಕು, ಅಷ್ಟನ್ನು ಒಂದು ಒಳ್ಳೆಯ ಫೋಟೋ ಹೇಳುತ್ತದೆ. ಉದ್ದದ ವಿಷಯ ಹಾಗಲ್ಲ. ಅಲ್ಲಿ ನಾಲ್ಕು ಸೆಂಟಿಮೀಟರ್ ತಪ್ಪಿದರೂ ನಾಯಿ ನುಣುಚಿಕೊಳ್ಳುತ್ತದೆ, ಇಲ್ಲಾ ಕಂಕುಳು ಕೆಂಪಾಗುತ್ತದೆ.

ಪಕ್ಕದಿಂದ ತೆಗೆದ ಫೋಟೋದಲ್ಲಿ ಮೂರು ಅಳತೆ ಸಿಗುತ್ತದೆ. ಒಂದು, ಎದೆಯ ಆಳ. ಮುಂಗಾಲಿನ ಮೊಣಕೈ ಗಂಟಿನ ಸ್ವಲ್ಪ ಹಿಂದೆ, ಬೆನ್ನಿನಿಂದ ಎದೆಯ ತಳದವರೆಗೆ ನೇರ ಕೆಳಗೆ. ಎರಡು, ಮೈ ಉದ್ದ. ಎದೆಯ ಮುಂದೆ ಚಾಚಿಕೊಂಡಿರುವ ಭುಜದ ಮೂಳೆಯಿಂದ ಬಾಲದ ಕೆಳಗಿನ ಪಿರ್ರೆ ಮೂಳೆಯವರೆಗೆ. ತಲೆ, ಬಾಲ ಲೆಕ್ಕಕ್ಕಿಲ್ಲ. ಮೂರು, ಕತ್ತಿನ ದಪ್ಪ, ಕಿವಿಗೂ ಭುಜಕ್ಕೂ ಮಧ್ಯದಲ್ಲಿ. ಸಿಗದಿರುವುದು ಎದೆಯ ಅಗಲ. ಎಡ ಪಕ್ಕೆಯಿಂದ ಬಲ ಪಕ್ಕೆಗೆ ಎಷ್ಟು ದೂರ ಎಂಬುದನ್ನು ಪಕ್ಕದ ಫೋಟೋ ಪೂರ್ತಿ ನುಂಗಿಹಾಕುತ್ತದೆ. ಸುತ್ತಳತೆಗೆ ಆಳವೂ ಬೇಕು, ಅಗಲವೂ ಬೇಕು. ಅದಕ್ಕೇ ಒಂದು ಫೋಟೋ ನೋಡಿ "ಎದೆಸುತ್ತು 55" ಎಂದು ಖಡಾಖಂಡಿತ ಹೇಳುವವರನ್ನು ನಾನು ನಂಬುವುದಿಲ್ಲ. "52ರಿಂದ 57ರ ಒಳಗೆ" ಅನ್ನಬಹುದು, ಅಷ್ಟೇ. ಆ ಅಂತರವನ್ನು ಇಟ್ಟುಕೊಂಡೇ ಬೆಲ್ಟ್ ಆರಿಸುವುದು ಹೇಗೆ ಎಂದು ನೋಡೋಣ.

ಅದಕ್ಕೂ ಮೊದಲು ಫೋಟೋ ಸರಿಯಾಗಿರಬೇಕು. ಫೋಟೋದಲ್ಲಿ ಗೊತ್ತಿರುವ ಅಳತೆಯ ಒಂದು ವಸ್ತು ಇಲ್ಲದಿದ್ದರೆ ಪಮೇರಿಯನ್ನೂ ಲ್ಯಾಬ್ರಡಾರೂ ಒಂದೇ. ಸ್ಕೇಲು, ಅಳೆದು ಕತ್ತರಿಸಿದ ಕೋಲು, ಎ4 ಹಾಳೆ ಏನಾದರೂ ಆದೀತು. ಎ4 ಹಾಳೆಯ ಉದ್ದ 29.7 ಸೆಂಟಿಮೀಟರ್, ಎಲ್ಲಿ ಕೊಂಡರೂ ಅಷ್ಟೇ. ಕೆಲವರು ನೆಲದ ಟೈಲ್ಸನ್ನೇ ಅಳತೆ ಮಾಡಿಕೊಳ್ಳಿ ಅನ್ನುತ್ತಾರೆ. ನಮ್ಮ ಹಳೇ ಮೈಸೂರಿನ ರೆಡ್ ಆಕ್ಸೈಡ್ ನೆಲದಲ್ಲಿ ಗೆರೆಯೇ ಇಲ್ಲವಲ್ಲ, ಏನು ಎಣಿಸುವುದು!

ಆ ವಸ್ತುವನ್ನು ಎಲ್ಲಿ ಇಡುತ್ತೀರಿ ಎಂಬುದೇ ಎಲ್ಲಕ್ಕಿಂತ ಮುಖ್ಯ, ಎಲ್ಲರೂ ಎಡವುವುದೂ ಅಲ್ಲೇ. ನಾನೂ ಎಡವಿದ್ದೆ. ಕೆಲವು ವರ್ಷಗಳ ಹಿಂದೆ ಗಿರಾಕಿಯೊಬ್ಬರು ಗೋಡೆ ಮೇಲೆ ಒಂದಡಿ ಸ್ಕೇಲನ್ನು ಟೇಪ್ ಹಾಕಿ ಅಂಟಿಸಿ, ಅದರ ಮುಂದೆ ನಾಯಿ ನಿಲ್ಲಿಸಿ ಫೋಟೋ ಕಳಿಸಿದರು. ಎಷ್ಟು ಜಾಣ ಮನುಷ್ಯ ಅಂದುಕೊಂಡು ಅಳೆದೆ, 24 ಕೆಜಿ ಬಂತು. ಒಂದು ಇಂಚಿನ ಪಟ್ಟಿಯಲ್ಲಿ ದೊಡ್ಡ ಬೆಲ್ಟ್ ಹೊಲಿದು ಕಳಿಸಿದೆ. ಅದೂ ದಸರಾ ಸಮಯ, ಕುಶಾಲತೋಪಿನ ತಾಲೀಮು ನಡೆಯುತ್ತಿತ್ತು. ಫಿರಂಗಿ ಸದ್ದಿಗೆ ಬೆದರಿದ ನಾಯಿ ಹಿಂದಕ್ಕೆ ಜಗ್ಗಿದೆ, ಬೆಲ್ಟು ತಲೆ ಮೇಲಿಂದ ಬನಿಯನ್ ಕಳಚಿದ ಹಾಗೆ ಕಳಚಿ ಬಂದಿದೆ. ಸಂಜೆ ಹೊತ್ತಿಗೆ ನಾಯಿ ತಾನೇ ಮನೆಗೆ ಬಂತು, ಪುಣ್ಯ. ಆಮೇಲೆ ತೂಕ ಹಾಕಿಸಿದರೆ 16 ಕೆಜಿ.

ತಪ್ಪು ಎಲ್ಲಾಯಿತು? ಕ್ಯಾಮೆರಾ ನಾಯಿಯಿಂದ ಮೂರು ಮೀಟರ್ ದೂರ ಇತ್ತು. ಗೋಡೆ ನಾಯಿಯಿಂದ ಒಂದೂವರೆ ಅಡಿ ಹಿಂದೆ, ಅಂದರೆ ಸುಮಾರು 45 ಸೆಂಟಿಮೀಟರ್. ದೂರದ ವಸ್ತು ಚಿಕ್ಕದಾಗಿ ಕಾಣುತ್ತದೆ, ಅಲ್ವಾ? ಸ್ಕೇಲು ಇರಬೇಕಾದ್ದಕ್ಕಿಂತ ಚಿಕ್ಕದಾಗಿ ಕಂಡಿತು. ಚಿಕ್ಕ ಸ್ಕೇಲಿನಿಂದ ಅಳೆದರೆ ನಾಯಿ ದೊಡ್ಡದಾಗುತ್ತದೆ. 345ನ್ನು 300ರಿಂದ ಭಾಗಿಸಿ, 1.15 ಬರುತ್ತದೆ. ಅಂದರೆ ಪ್ರತಿಯೊಂದು ಅಳತೆಯೂ ನೂರಕ್ಕೆ 15ರಷ್ಟು ಜಾಸ್ತಿ.

ನೂರಕ್ಕೆ 15 ಅಷ್ಟೇನೂ ಅಲ್ಲ ಅನ್ನಿಸುತ್ತದೆ. ಆದರೆ ತೂಕ ಒಂದೇ ಕಡೆ ಬೆಳೆಯುವುದಿಲ್ಲ. ಒಂದು ಚೌಕ ಮೈಸೂರು ಪಾಕ್ ತಗೊಳ್ಳಿ. ಅದನ್ನು ಉದ್ದ, ಅಗಲ, ಎತ್ತರ ಮೂರೂ ಕಡೆ ಹತ್ತನೇ ಒಂದು ಪಾಲು ದೊಡ್ಡದು ಮಾಡಿದರೆ ತೂಕ ಹತ್ತನೇ ಒಂದು ಪಾಲು ಏರುವುದಿಲ್ಲ, ಮೂರನೇ ಒಂದು ಪಾಲು ಏರುತ್ತದೆ. ನಾಯಿಯೂ ಹಾಗೇ. 1.15ನ್ನು ಮೂರು ಸಲ ಗುಣಿಸಿದರೆ 1.52. 16 ಕೆಜಿಯ ನಾಯಿ ನನ್ನ ಲೆಕ್ಕದಲ್ಲಿ 24 ಆಗಿದ್ದು ಹೀಗೆ.

ಹಾಗಾದರೆ ಸ್ಕೇಲು ಎಲ್ಲಿರಬೇಕು? ನಾಯಿಯ ಪಕ್ಕೆಗೆ ಒತ್ತಿ ಹಿಡಿಯುವುದೂ ತಪ್ಪೇ. ಆಗ ಅದು ಕ್ಯಾಮೆರಾಗೆ ಹತ್ತಿರ ಬಂದು ನಾಯಿ ಚಿಕ್ಕದಾಗುತ್ತದೆ. ನಾವು ಅಳೆಯುವ ಜಾಗ ಯಾವುದು ಯೋಚಿಸಿ. ಬೆನ್ನಿನ ಗೆರೆ, ಎದೆಯ ತಳ. ಎರಡೂ ಇರುವುದು ನಾಯಿಯ ನಟ್ಟ ನಡುವೆ, ಮೂಗಿನಿಂದ ಬಾಲಕ್ಕೆ ಎಳೆದ ಗೆರೆಯ ಮೇಲೆ. ಸ್ಕೇಲೂ ಅದೇ ಗೆರೆಯ ಮೇಲೆ ನಿಲ್ಲಬೇಕು. ನಾಯಿಯ ಎದೆಯ ಮುಂದೆ ಒಂದು ಗೇಣು ಬಿಟ್ಟು, ಇಲ್ಲವೇ ಬಾಲದ ಹಿಂದೆ, ನೆಲಕ್ಕೆ ನೇರ ನಿಲ್ಲಿಸಿ ಹಿಡಿಯಿರಿ.

ಉಳಿದದ್ದು ಕ್ಯಾಮೆರಾ. ಸುಮಾರು ಹತ್ತಡಿ ದೂರ ಹೋಗಿ, ಜೂಮ್ ಎರಡಕ್ಕೆ ಹಾಕಿ, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಫೋನು ನಾಯಿಯ ಪಕ್ಕೆಯ ಎತ್ತರಕ್ಕೆ ಬರುವಂತೆ ಹಿಡಿದು ತೆಗೆಯಬೇಕು. ನಿಂತುಕೊಂಡು ತೆಗೆದರೆ ಕ್ಯಾಮೆರಾ ಮೇಲಿಂದ ಇಣುಕುತ್ತದೆ. ಬೆನ್ನು ಹತ್ತಿರ, ಕಾಲು ದೂರ ಆಗಿ, ಎದೆಯ ಆಳ ಕೆಟ್ಟುಹೋಗುತ್ತದೆ. ಫೋಟೋದಲ್ಲಿ ನಾಯಿಯ ಬೆನ್ನಿನ ಮೇಲ್ಭಾಗ ಬಯಲಾಗಿ ಕಾಣುತ್ತಿದ್ದರೆ ಅದು ಮೇಲಿಂದ ತೆಗೆದದ್ದು ಅಂತಲೇ ಅರ್ಥ, ಪಕ್ಕಕ್ಕಿಡಿ. ನಾಯಿ ಸ್ವಲ್ಪ ಓರೆಯಾಗಿ ನಿಂತಿದ್ದರೆ ಅಷ್ಟು ಚಿಂತೆ ಬೇಡ. ಓರೆಯಾದಾಗ ಕುಗ್ಗುವುದು ಉದ್ದ ಮಾತ್ರ, ಎದೆಯ ಆಳ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. 20 ಡಿಗ್ರಿ ಓರೆಗೆ ಉದ್ದ ನೂರಕ್ಕೆ 6ರಷ್ಟು ಕಡಿಮೆ ಕಾಣುತ್ತದೆ. 30 ಡಿಗ್ರಿಗೆ 13 ಆಗಿಬಿಡುತ್ತದೆ, ಅದು ಬೇಡ. ಎರಡು ಕಣ್ಣೂ ಕಾಣುತ್ತಿವೆಯೇ ಎಂದು ನೋಡಿ ಹೇಳಲು ಆಗುವುದಿಲ್ಲ, ನಾಯಿ ತಲೆ ಮಾತ್ರ ತಿರುಗಿಸಿರಬಹುದು. ಕಾಲು ನೋಡಿ. ನಾಯಿ ನಾಲ್ಕೂ ಕಾಲು ಸಮ ಊರಿ ನಿಂತಿರುವಾಗ ಆಚೆ ಬದಿಯ ಕಾಲುಗಳು ಈಚೆ ಬದಿಯ ಕಾಲುಗಳ ಹಿಂದೆ ಬಹುಪಾಲು ಮರೆಯಾಗಿದ್ದರೆ ನೇರ ಪಕ್ಕದ ಫೋಟೋ.

ಈಗ ಒಂದು ನಿಜವಾದ ಫೋಟೋ ಹಿಡಿದು ಲೆಕ್ಕ ಮಾಡೋಣ. ಮಂಡ್ಯದ ಕಡೆಯ ರೈತರೊಬ್ಬರು ಫೋನ್ ಮಾಡಿದ್ದರು. ಗದ್ದೆ ಹತ್ತಿರ ಬಂದು ಸೇರಿಕೊಂಡ ಕಂದು ಬಣ್ಣದ ನಾಟಿ ನಾಯಿ. "ಅಣ್ಣಾ, ಟೇಪು ಹಾಕಕ್ಕೆ ಬಿಡಾಕಿಲ್ಲ ಕಣಣ್ಣ, ಕಚ್ಚಕ್ಕೇ ಬತ್ತದೆ" ಅಂದರು. ಏನಾದರೂ ಅಳತೆಯ ವಸ್ತು ಮುಂದೆ ನಿಲ್ಲಿಸಿ ಫೋಟೋ ಕಳಿಸಿ ಅಂದೆ. ಅವರು ಕಬ್ಬಿನ ಜಲ್ಲೆ ನಿಲ್ಲಿಸಿದ್ದರು! ನಗು ಬಂತು. ಆದರೆ ತಪ್ಪೇನಿದೆ? "ಅದನ್ನ ಸರಿಯಾಗಿ 60 ಸೆಂಟಿಮೀಟರಿಗೆ ಕತ್ತರಿಸಿ ಮತ್ತೆ ನಿಲ್ಲಿಸಿ" ಅಂದೆ. ಕತ್ತರಿಸಿದರು, ನಿಲ್ಲಿಸಿದರು. ಮೂರನೇ ಫೋಟೋ ಸರಿಯಾಗಿ ಬಂತು.

ಅಳೆಯುವುದಕ್ಕೆ ಯಾವ ಆ್ಯಪೂ ಬೇಡ. ಫೋಟೋವನ್ನು ಕಂಪ್ಯೂಟರ್ ಪರದೆ ಮೇಲೆ ತೆರೆದು, ಮಕ್ಕಳ ಕಂಪಾಸ್ ಬಾಕ್ಸಿನ ಸ್ಕೇಲನ್ನು ಪರದೆಗೆ ಹಿಡಿದೆ. ಕಬ್ಬು ಸರಿಯಾಗಿ 12 ಸೆಂಟಿಮೀಟರ್ ಕಾಣುವವರೆಗೆ ಫೋಟೋ ದೊಡ್ಡದು ಮಾಡಿದೆ. ಕಬ್ಬು ನಿಜದಲ್ಲಿ 60, ಪರದೆ ಮೇಲೆ 12. ಅಂದರೆ ಪರದೆಯ ಒಂದು ಸೆಂಟಿಮೀಟರ್ ನಾಯಿಯ ಐದು ಸೆಂಟಿಮೀಟರ್. ಇನ್ನು ಫೋಟೋವನ್ನು ಹಿಗ್ಗಿಸುವ ಹಾಗಿಲ್ಲ, ಕುಗ್ಗಿಸುವ ಹಾಗಿಲ್ಲ. ಎದೆಯ ಆಳ ಪರದೆ ಮೇಲೆ 4, ನಿಜದಲ್ಲಿ 20. ಮೈ ಉದ್ದ 10.4, ನಿಜದಲ್ಲಿ 52. ಕತ್ತು 2.3, ನಿಜದಲ್ಲಿ ಹನ್ನೊಂದೂವರೆ.

ಅಗಲ ಗೊತ್ತಿಲ್ಲ. ಇಲ್ಲಿ ನಾಯಿಯ ಮೈಕಟ್ಟು ನೋಡಿ ಊಹಿಸಬೇಕು. ನಾಟಿ ನಾಯಿಯ ಎದೆ ಮೊಟ್ಟೆಯನ್ನು ನಿಲ್ಲಿಸಿದ ಹಾಗೆ, ಆಳ ಜಾಸ್ತಿ, ಅಗಲ ಕಡಿಮೆ. ನನ್ನ ಅನುಭವದಲ್ಲಿ ಅಗಲವು ಆಳದ ಮೂರನೇ ಎರಡು ಪಾಲಿನಿಂದ ಐದನೇ ನಾಲ್ಕು ಪಾಲಿನವರೆಗೆ ಬರುತ್ತದೆ. 20 ಆಳಕ್ಕೆ 13ರಿಂದ 16. ಮುಧೋಳ ನಾಯಿಯಾದರೆ ಇನ್ನೂ ಕಿರಿದು. ಪಗ್ ಆದರೆ ಅಗಲವೂ ಆಳವೂ ಹೆಚ್ಚುಕಡಿಮೆ ಸಮ, ಅದು ಪೀಪಾಯಿ.

ಮೊಟ್ಟೆಯಾಕಾರದ ಸುತ್ತಳತೆಗೆ ಅಡ್ಡದಾರಿ ಒಂದಿದೆ. ಆಳವನ್ನೂ ಅಗಲವನ್ನೂ ಕೂಡಿ 1.57ರಿಂದ ಗುಣಿಸಿದರೆ ಆಯಿತು. 1.57 ಎಲ್ಲಿಂದ ಬಂತು ಅಂದರೆ, ಶಾಲೆಯಲ್ಲಿ ಕಲಿತ 3.14ರ ಅರ್ಧ. ಪೂರ್ತಿ ಕರಾರುವಾಕ್ಕಲ್ಲ, ಆದರೆ ತಪ್ಪು ಒಂದು ಸೆಂಟಿಮೀಟರ್ ಒಳಗೆ. ಕಿರಿದಾದ ಊಹೆಗೆ 20 ಮತ್ತು 13 ಕೂಡಿದರೆ 33, ಎದೆಸುತ್ತು 52. ಅಗಲವಾದ ಊಹೆಗೆ 20 ಮತ್ತು 16 ಕೂಡಿದರೆ 36, ಎದೆಸುತ್ತು 56.5, ಇರಲಿ 57 ಅನ್ನೋಣ.

ಇನ್ನು ತೂಕ. ಇದಕ್ಕೆ ನಾನು ಬಳಸುವುದು ದನದ ಲೆಕ್ಕ. ನಮ್ಮ ಕಡೆ ಹಸು ಎತ್ತುಗಳ ತೂಕವನ್ನು ತಕ್ಕಡಿ ಇಲ್ಲದೆ ಅಂದಾಜು ಮಾಡಬೇಕಾದರೆ ಎದೆಸುತ್ತು, ಮೈ ಉದ್ದ ಅಳೆಯುತ್ತಾರಲ್ಲ, ಅದೇ. ಶೇಫರ್ ಸೂತ್ರ ಎನ್ನುತ್ತಾರೆ. ಇಂಚು, ಪೌಂಡಿನ ಲೆಕ್ಕದಲ್ಲಿ ಇದ್ದದ್ದನ್ನು ಸೆಂಟಿಮೀಟರ್, ಕೆಜಿಗೆ ತಿರುಗಿಸಿದರೆ ಹೀಗಾಗುತ್ತದೆ:

ತೂಕ = ಎದೆಸುತ್ತು × ಎದೆಸುತ್ತು × ಮೈ ಉದ್ದ ÷ 10840

ಇದರ ಹಿಂದಿನ ಯೋಚನೆ ಸುಲಭ. ಮೈಯನ್ನು ಒಂದು ಡ್ರಮ್ಮು ಅಂದುಕೊಳ್ಳಿ. ಡ್ರಮ್ಮಿನ ಸುತ್ತಳತೆ, ಉದ್ದ ಗೊತ್ತಿದ್ದರೆ ಎಷ್ಟು ಲೀಟರ್ ಹಿಡಿಯುತ್ತದೆ ಎಂದು ಗೊತ್ತಾಗುತ್ತದೆ. ಜೀವಿಗಳ ಮೈ ನೀರಿನಷ್ಟೇ ತೂಗುತ್ತದೆ, ಒಂದು ಲೀಟರಿಗೆ ಹೆಚ್ಚುಕಡಿಮೆ ಒಂದು ಕೆಜಿ. ಬರೀ ಡ್ರಮ್ಮಾಗಿದ್ದರೆ 10840 ಬದಲು ಸುಮಾರು 12570 ಬರಬೇಕಿತ್ತು. ಸಂಖ್ಯೆಯನ್ನು ಅಷ್ಟು ಇಳಿಸಿರುವುದರಿಂದ ತಲೆ, ಕಾಲುಗಳ ತೂಕವೂ ಒಳಗೆ ಸೇರಿದ ಹಾಗಾಯಿತು. ದನಕ್ಕೆ ಮಾಡಿದ್ದು ನಾಯಿಗೆ ಹೇಗೆ ಹೊಂದುತ್ತದೆ ಎಂದು ಕೇಳಿದರೆ, ಸಾಧಾರಣ ಮೈಕಟ್ಟಿನ ನಾಯಿಗೆ ಪರವಾಗಿಲ್ಲ ಅನ್ನುವಷ್ಟು ಹೊಂದುತ್ತದೆ. ಹೊಟ್ಟೆ ಒಳಗೆ ಸೇದಿಕೊಂಡಿರುವ ಮುಧೋಳದಂಥ ನಾಯಿಗೆ ಹೊಂದುವುದಿಲ್ಲ. ಅದರ ಎದೆ ಮಾತ್ರ ಡ್ರಮ್ಮು, ಹಿಂದೆ ಸೊಂಟ ಬರೀ ಕೊಳವೆ. ಹಾಗಾಗಿ ಲೆಕ್ಕದ ತೂಕ ನಿಜಕ್ಕಿಂತ ಜಾಸ್ತಿ ಬರುತ್ತದೆ.

ಕಂದು ನಾಯಿಗೆ ಹಾಕಿ ನೋಡೋಣ. ಎದೆಸುತ್ತು 52, ಉದ್ದ 52 ಇಟ್ಟರೆ 13 ಕೆಜಿ. ಎದೆಸುತ್ತು 57 ಇಟ್ಟರೆ 15.6. ಅಂದರೆ 13ರಿಂದ 16 ಕೆಜಿ. ಎರಡು ತುದಿಯೂ 8 ಮತ್ತು 20ರ ನಡುವಿನ ಮೆಟ್ಟಿಲ ಮೇಲೇ ಇವೆ. ಮುಕ್ಕಾಲು ಇಂಚಿನ ಪಟ್ಟಿ, ಅದು ತೀರ್ಮಾನವಾಯಿತು. ಸಾಮಾನ್ಯವಾಗಿ 10ರಿಂದ 25 ಕೆಜಿವರೆಗಿನ ನಾಯಿಯನ್ನು ಮಧ್ಯಮ ಗಾತ್ರ ಎನ್ನುತ್ತಾರೆ, ಇದು ಅದರೊಳಗೂ ಆರಾಮಾಗಿ ಕೂರುತ್ತದೆ. ಅಕಸ್ಮಾತ್ 18ರಿಂದ 22 ಎಂದು ಬಂದಿದ್ದರೆ ಮೆಟ್ಟಿಲ ಅಂಚು. ಆಗ ನಾನು ಸುಮ್ನೆ ದೊಡ್ಡ ಪಟ್ಟಿಯನ್ನೇ ಹಾಕುತ್ತೇನೆ. ಅಗಲ ಸ್ವಲ್ಪ ಹೆಚ್ಚಾದರೆ ನಾಯಿಗೆ ಸೆಕೆ ಅನ್ನಿಸಬಹುದು, ಬಕಲ್ ಮುರಿದರೆ ನಾಯಿಯೇ ಹೋಗುತ್ತದೆ.

ಉದ್ದಕ್ಕೆ ಬರೋಣ. ಬಾಡಿ ಬೆಲ್ಟ್ ಮೈಗೆ ಅಂಟಿಕೊಂಡಿರಬಾರದು, ಪಟ್ಟಿಯ ಕೆಳಗೆ ಎರಡು ಬೆರಳು ಹೋಗಬೇಕು. ಅದಕ್ಕೆ ಸುತ್ತಳತೆಗೆ ಮೂರು ನಾಲ್ಕು ಸೆಂಟಿಮೀಟರ್ ಸೇರಿಸಬೇಕು. ಆಗ ಬೇಕಾದ್ದು 55ರಿಂದ 61. ನನ್ನ ಹತ್ತಿರ ಒಂದು ಅಳತೆಯ ಬೆಲ್ಟು 42ರಿಂದ 57ರವರೆಗೆ ಹಿಗ್ಗುತ್ತದೆ, ಇನ್ನೊಂದು 50ರಿಂದ 68. ಮೊದಲನೆಯದೂ ಆಗಬಹುದು, ನಾಯಿ ಕಿರಿದಾಗಿದ್ದರೆ. ಅಗಲವಾಗಿದ್ದರೆ ಬಕಲ್ಲೇ ಕೂಡುವುದಿಲ್ಲ. ಎರಡನೆಯದರಲ್ಲಿ ಎರಡು ತುದಿಯೂ ಒಳಗೆ ಬೀಳುತ್ತವೆ, ನಡುಭಾಗದ ಹತ್ತಿರ. ನನ್ನ ನಿಯಮ ಇಷ್ಟೇ: ಒಂದು ಸಂಖ್ಯೆಗೆ ಬೆಲ್ಟ್ ಆರಿಸಬೇಡಿ, ಅಂದಾಜಿನ ಎರಡು ತುದಿಗೂ ಒಂದೇ ಬೆಲ್ಟು ಹೊಂದಬೇಕು. ಹೊಂದದಿದ್ದರೆ ಫೋಟೋ ಸಾಲದು ಎಂದು ಅರ್ಥ. ಆನ್‌ಲೈನಿನಲ್ಲಿ ಕೊಳ್ಳುವವರೂ ಎಸ್, ಎಂ, ಎಲ್ ಅಕ್ಷರ ನೋಡಬೇಡಿ. ಒಬ್ಬರ ಎಂ ಇನ್ನೊಬ್ಬರ ಎಲ್ ಆಗಿರುತ್ತದೆ. ಕೆಳಗೆ ಸಣ್ಣಕ್ಷರದಲ್ಲಿ ಎಷ್ಟರಿಂದ ಎಷ್ಟಕ್ಕೆ ಹಿಗ್ಗುತ್ತದೆ ಎಂದು ಬರೆದಿರುತ್ತದೆ, ಅದನ್ನು ಓದಿ.

ಅಗಲದ ಊಹೆ ಇಷ್ಟವಾಗದಿದ್ದರೆ ಇನ್ನೊಂದು ಫೋಟೋ ಕೇಳುತ್ತೇನೆ, ನಾಯಿಯ ಮೇಲಿಂದ. ಕುರ್ಚಿ ಹತ್ತಿ ನಿಂತು, ಫೋನನ್ನು ಬೆನ್ನಿನ ನಡುಮಧ್ಯಕ್ಕೆ ನೇರ ಮೇಲೆ ಹಿಡಿದು ತೆಗೆಯಬೇಕು. ಇದಕ್ಕೆ ಬೇರೆ ಸ್ಕೇಲು ಬೇಡ. ಮೈ ಉದ್ದ 52 ಎಂದು ಮೊದಲ ಫೋಟೋದಿಂದ ಗೊತ್ತಿದೆ, ಅದೇ ಸ್ಕೇಲು. ಕಂದು ನಾಯಿಯ ಮೇಲಿನ ಫೋಟೋದಲ್ಲಿ ಉದ್ದ ಪರದೆ ಮೇಲೆ 13 ಬಂತು, ಮೊಣಕೈ ಹಿಂದೆ ಎದೆಯ ಅಗಲ 3.75. ಒಂದಕ್ಕೆ ನಾಲ್ಕರ ಲೆಕ್ಕ, ಅಗಲ 15. ಎದೆಸುತ್ತು 20 ಮತ್ತು 15 ಕೂಡಿ 1.57ರಿಂದ ಗುಣಿಸಿದರೆ 55. ಎರಡು ತಿಂಗಳು ಕಳೆದು ನಾಯಿ ಪಳಗಿದ ಮೇಲೆ ಅವರು ಟೇಪು ಹಾಕಿದರು, 56 ಬಂತು. ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ತಾವೊಬ್ಬರೇ ನಿಂತು ಕಳೆದರೆ 15.4 ಕೆಜಿ. ಅಷ್ಟರಲ್ಲಿ ತಿಂದು ಸ್ವಲ್ಪ ಮೈ ಕೈ ತುಂಬಿಕೊಂಡಿತ್ತು ಅನ್ನುವುದನ್ನೂ ಸೇರಿಸಿಕೊಳ್ಳಬೇಕು.

ಮೇಲಿನ ಫೋಟೋಗೆ ಇನ್ನೊಂದು ಕೆಲಸವೂ ಇದೆ. ನಾಯಿ ದಪ್ಪಗಾದಾಗ ಕೊಬ್ಬು ಬಹಳಷ್ಟು ಅಕ್ಕಪಕ್ಕಕ್ಕೆ ಸೇರುತ್ತದೆ. ಪಕ್ಕದಿಂದ ನೋಡಿದರೆ ಚೆನ್ನಾಗಿಯೇ ಕಾಣುವ ಲ್ಯಾಬ್ರಡಾರ್ ಮೇಲಿಂದ ನೋಡಿದರೆ ಗ್ಯಾಸ್ ಸಿಲಿಂಡರ್ ಹಾಗಿರುತ್ತದೆ. ಪಕ್ಕೆಯ ಹಿಂದೆ ಸೊಂಟ ಒಳಗೆ ಹೋಗಬೇಕು. ಹೋಗದಿದ್ದರೆ ಅಗಲದ ಊಹೆಯನ್ನು ಮೇಲಕ್ಕೆ ತಳ್ಳಿ.

ಕತ್ತಿನದು ಬೇರೆಯೇ ಕಥೆ. ಕತ್ತು ಹೆಚ್ಚುಕಡಿಮೆ ದುಂಡಗೆ ಇರುವುದರಿಂದ ಪಕ್ಕದ ಫೋಟೋ ಅಷ್ಟು ಮೋಸ ಮಾಡುವುದಿಲ್ಲ. ಹನ್ನೊಂದೂವರೆ ದಪ್ಪಕ್ಕೆ ಹತ್ತು, ಹತ್ತೂವರೆ ಅಗಲ ಹಿಡಿದರೆ ಸುತ್ತು 34 ಬರುತ್ತದೆ. ಎರಡು ಬೆರಳಿನ ಜಾಗ ಸೇರಿಸಿ 37, 38. ಹಿಗ್ಗುವ ಅಳತೆ 30ರಿಂದ 45 ಇರುವ ಕಾಲರ್ ಸಾಕು. ತೊಂದರೆ ಇರುವುದು ಕತ್ತಿನಲ್ಲಲ್ಲ, ತಲೆಯಲ್ಲಿ. ಕಾಲರ್ ಉಳಿಯಬೇಕಾದರೆ ಕಿವಿಯ ಹತ್ತಿರ ತಲೆ ಕತ್ತಿಗಿಂತ ದಪ್ಪ ಇರಬೇಕು. ಮುಧೋಳದ ತಲೆ ಸಪೂರ. ಪಗ್‌ನ ಕತ್ತೇ ತಲೆಯಷ್ಟು ದಪ್ಪ. ಇವೆರಡೂ ಹಿಂದಕ್ಕೆ ಒಂದು ಹೆಜ್ಜೆ ಇಟ್ಟು ತಲೆ ತಗ್ಗಿಸಿದರೆ ಎಷ್ಟೇ ಸರಿಯಾದ ಅಳತೆಯ ಕಾಲರೂ ಕೈಯಲ್ಲೇ ಉಳಿಯುತ್ತದೆ. ಮುಧೋಳಕ್ಕೆ ಎಳೆದಾಗ ಸ್ವಲ್ಪ ಬಿಗಿಯಾಗಿ ಅಲ್ಲಿಗೇ ನಿಲ್ಲುವ ಮಾರ್ಟಿಂಗೇಲ್ ಕಾಲರ್ ಹಾಕಬಹುದು. ಪಗ್‌ಗೆ ಬಾಡಿ ಬೆಲ್ಟೇ ಸರಿ, ಉಸಿರಾಟದ ತೊಂದರೆ ಇರುವ ಜಾತಿ, ಕತ್ತಿಗೆ ಎಳೆತ ಬೀಳಬಾರದು. ತಲೆ ಬಗ್ಗಿಸಿ ನೆಲ ಮೂಸುತ್ತಿರುವ ಫೋಟೋದಲ್ಲಿ ಕತ್ತು ಅಳೆಯಬೇಡಿ, ಅದು ಚಾಚಿಕೊಂಡು ತೆಳ್ಳಗೆ ಕಾಣುತ್ತದೆ.

ಕೂದಲಿನ ನಾಯಿಗಳ ಮುಂದೆ ನಾನು ಸೋತಿದ್ದೇನೆ. ಪಮೇರಿಯನ್ ಅಂತ ಕರೆದುಕೊಂಡು ನಮ್ಮಲ್ಲಿ ಮನೆಮನೆಯಲ್ಲಿರುವ ಬಿಳಿ ಸ್ಪಿಟ್ಜ್ ನಾಯಿಯ ಫೋಟೋದಲ್ಲಿ ಅಳೆದರೆ ಸಿಗುವುದು ಕೂದಲಿನ ಅಳತೆ. ಎದೆಯ ತಳ ಎಲ್ಲಿ ಮುಗಿಯಿತು, ಜೂಲು ಎಲ್ಲಿ ಶುರುವಾಯಿತು ಎಂದು ಬ್ರಹ್ಮನಿಗೂ ತಿಳಿಯದು. ಒಂದೇ ಉಪಾಯ ಇದೆ: ಸ್ನಾನ ಮಾಡಿಸಿದ ದಿನ, ಮೈ ಒದ್ದೆ ಇರುವಾಗಲೇ ಫೋಟೋ ತೆಗೆಯಿರಿ. ಕೂದಲು ಮೈಗೆ ಅಂಟಿಕೊಂಡು ಒಳಗಿನ ನಾಯಿ ಹೊರಗೆ ಬರುತ್ತದೆ. ಎಷ್ಟು ಚಿಕ್ಕದು ಅಂತ ನೋಡಿ ಮನೆಯವರೇ ಬೆರಗಾಗುತ್ತಾರೆ. ಅದೂ ಆಗದಿದ್ದರೆ ಮೊಣಕೈ ಗಂಟನ್ನು ಗುರುತು ಮಾಡಿಕೊಳ್ಳಿ. ಬೆಳೆದ ನಾಯಿಗಳಲ್ಲಿ ಬಹಳಷ್ಟಕ್ಕೆ ಎದೆಯ ತಳ ಆ ಗಂಟಿನ ಮಟ್ಟಕ್ಕೇ ಬರುತ್ತದೆ.

ಮರಿಗಳಿಗೆ ಫೋಟೋ ನೋಡಿ ಹೊಲಿಯುವುದನ್ನೇ ಬಿಟ್ಟಿದ್ದೇನೆ. ಕೊರಿಯರ್ ತಲುಪುವಷ್ಟರಲ್ಲಿ ಒಂದು ತೂತು ಹಿಂದಕ್ಕೆ ಹಾಕುವಂತಾಗಿರುತ್ತದೆ. ಮತ್ತೆ, ಈ ಅಂದಾಜು ತೂಕವನ್ನು ಹಿಡಿದು ಯಾರೂ ಜಂತುಹುಳದ ಮಾತ್ರೆ, ಜ್ವರದ ಔಷಧಿ ಲೆಕ್ಕ ಹಾಕಬೇಡಿ. ಪಟ್ಟಿಯ ಅಗಲಕ್ಕೆ ಮೂರು ಕೆಜಿ ಆಚೀಚೆ ಆದರೆ ನಡೆಯುತ್ತದೆ, ಔಷಧಿಗೆ ನಡೆಯುವುದಿಲ್ಲ. ಅದಕ್ಕೆ ತಕ್ಕಡಿಯೇ ಬೇಕು.

ಬೆಲ್ಟು ಕೈಗೆ ಬಂದ ಮೇಲೆ ಅಂದಾಜು ಸರಿಯಿತ್ತೋ ಇಲ್ಲವೋ ನಾಯಿಯೇ ಹೇಳುತ್ತದೆ. ಮನೆಯೊಳಗೆ, ಬಾಗಿಲು ಹಾಕಿಕೊಂಡು ಹಾಕಿ ನೋಡಿ. ಎದೆ ಪಟ್ಟಿ ಕಂಕುಳಿಗೆ ತಾಗದೆ ಎರಡು ಮೂರು ಬೆರಳು ಹಿಂದೆ ಕೂರಬೇಕು. ಆಮೇಲೆ ನಾಯಿಯ ಎದುರು ನಿಂತು, ಹಗ್ಗವನ್ನು ನಿಮ್ಮ ಕಡೆಗೆ ಮೆಲ್ಲಗೆ ಎಳೆಯಿರಿ. ನಾಯಿ ಹಿಂದಕ್ಕೆ ಜಗ್ಗಿದಾಗ ಪಟ್ಟಿ ಮೊಣಕೈ ದಾಟಿ ಮುಂದಕ್ಕೆ ಜಾರಿದರೆ ದೊಡ್ಡದಾಯಿತು. ಬಿಗಿ ಮಾಡಿ. ಕೊನೆಯವರೆಗೂ ಬಿಗಿ ಮಾಡಿಯೂ ಜಾರಿದರೆ ವಾಪಸ್ ಕಳಿಸಿ. ಚಿಕ್ಕದಾದದ್ದು ಮೊದಲ ದಿನ ಗೊತ್ತಾಗುವುದಿಲ್ಲ. ಒಂದು ವಾರ ಬಿಟ್ಟು ಮುಂಗಾಲು ಎತ್ತಿ ಕಂಕುಳಲ್ಲಿ ನೋಡಿ. ಕೂದಲು ಉದುರಿ ಚರ್ಮ ಕೆಂಪಗಾಗಿದ್ದರೆ ಪಟ್ಟಿ ಉಜ್ಜುತ್ತಿದೆ ಎಂದರ್ಥ. ಆಗ ನನಗೆ ಫೋಟೋ ಕಳಿಸಬೇಡಿ. ಅಷ್ಟು ಹೊತ್ತಿಗೆ ನಾಯಿ ಕೈಗೆ ಪಳಗಿರುತ್ತದೆ, ಒಂದು ದಾರ ಸುತ್ತಿ ಅಳತೆ ಕಳಿಸಿ.